ಎಪ್ಪತ್ತರ ವೇಗದಲ್ಲಿ ಕಳೆದುಹೋದ ಡೌನ್‌ಫೋರ್ಸ್

ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವಾಗ ನಾನು ರೇಸ್ ಕಾರ್ ತಂಡದಲ್ಲಿದ್ದೆ. ಒಬ್ಬರೇ ಕೂರುವ, ಚಕ್ರಗಳು ಹೊರಗೇ ಕಾಣುವ ಪುಟ್ಟ ಕಾರು. ಡ್ರೈವರ್ ಸೇರಿ ಸುಮಾರು 300 ಕೆಜಿ. ಇಂಥ ಕಾರುಗಳಿಗಾಗಿಯೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ಸ್ಪರ್ಧೆ ನಡೆಯುತ್ತದೆ. ನನ್ನ ಪಾಲಿಗೆ ಬಂದದ್ದು ಗಾಳಿಯ ಕೆಲಸ. ಮುಂದಿನ ವಿಂಗ್, ಹಿಂದಿನ ವಿಂಗ್, ಮತ್ತೆ ಕಾರಿನ ಹೊಟ್ಟೆಯ ಕೆಳಗಿನ ಫ್ಲೋರ್. ಬ್ರಾಕೆಟ್ ಬೆಸುಗೆ ಮಾಡಿಕೊಡುತ್ತಿದ್ದ ಗೋಕುಲ ರೋಡಿನ ಕಾಕಾ ಹಿಂದಿನ ವಿಂಗ್ ನೋಡಿ, "ಇದೇನ್ ತಮ್ಮಾ, ಗಾಡಿ ಹಾರಸಾಂವ ಏನ?" ಅಂದಿದ್ದರು. ವಿಮಾನದ ರೆಕ್ಕೆಯನ್ನೇ ತಲೆಕೆಳಗು ಮಾಡಿದ್ದೇವೆ, ಇದು ಕೆಳಗೆ ಒತ್ತುತ್ತದೆ ಅಂದೆ. ಅವರು ನಂಬಿದಂತೆ ಕಾಣಲಿಲ್ಲ.

ಒತ್ತುತ್ತದೆ ಅನ್ನುವುದೂ ಪೂರ್ತಿ ಸರಿ ಅಲ್ಲ. ವಿಂಗ್‌ನ ಕೆಳಮೈ ಬಾಗಿರುತ್ತದೆ. ಅಲ್ಲಿ ಗಾಳಿ ಜೋರಾಗಿ ಓಡುತ್ತದೆ, ಒತ್ತಡ ಇಳಿಯುತ್ತದೆ. ಮೇಲಿನ ಒತ್ತಡ ಅಷ್ಟೇನೂ ಏರುವುದಿಲ್ಲ. ಅಂದರೆ ಬಹುಪಾಲು ಕೆಲಸ ಕೆಳಗಿನ ಸೆಳೆತದ್ದು. ಇದನ್ನೇ ಇನ್ನೊಂದು ಕಡೆಯಿಂದ ನೋಡಬಹುದು. ವಿಂಗ್ ದಾಟಿದ ಗಾಳಿ ಮೇಲಕ್ಕೆ ತಿರುಗಿ ಹೋಗುತ್ತದೆ. ಗಾಳಿಯನ್ನು ಮೇಲಕ್ಕೆ ದೂಡಿದ ವಿಂಗ್ ತಾನು ಕೆಳಕ್ಕೆ ಹೋಗಲೇಬೇಕು. ಗಾಳಿ ಹೀಗೆ ಕಾರನ್ನು ನೆಲಕ್ಕೆ ಒತ್ತುವ ಬಲಕ್ಕೇ ಡೌನ್‌ಫೋರ್ಸ್ ಅನ್ನುವುದು.

ಫ್ಲೋರ್ ಕೂಡ ಹೀಗೇ, ಆದರೆ ಅದಕ್ಕೆ ನೆಲದ ಸಹಾಯ ಇದೆ. ನಮ್ಮ ಕಾರಿನಲ್ಲಿ ಫ್ಲೋರಿನ ಬಾಯಿ ಅಗಲ, ನಡುವೆ ನೆಲಕ್ಕೂ ಅದಕ್ಕೂ ಸುಮಾರು 45 ಮಿಲಿಮೀಟರ್ ಸಂದಿ, ಆಮೇಲೆ ಹಿಂದಕ್ಕೆ ನಿಧಾನವಾಗಿ ಮೇಲೇರುವ ಡಿಫ್ಯೂಸರ್. ಕಿರಿದಾದ ಕಡೆ ಗಾಳಿ ವೇಗವಾಗಿ ನುಗ್ಗಲೇಬೇಕು, ಅಲ್ಲಿ ಒತ್ತಡ ಕುಸಿಯುತ್ತದೆ. ಡಿಫ್ಯೂಸರ್‌ನ ಕೆಲಸ ಆ ಗಾಳಿಯನ್ನು ಮೆಲ್ಲಗೆ ನಿಧಾನ ಮಾಡಿ ಹೊರಗಿನ ಒತ್ತಡಕ್ಕೆ ತಂದು ಬಿಡುವುದು. ಅದು ಚೆನ್ನಾಗಿ ಕೆಲಸ ಮಾಡಿದಷ್ಟೂ ನಡುವಿನ ಸಂದಿಯಲ್ಲಿ ಜಾಸ್ತಿ ಗಾಳಿ ಓಡುತ್ತದೆ. 1978ರಲ್ಲಿ ಮಾರಿಯೋ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದ ಲೋಟಸ್ 79 ಕಾರಿನ ಗುಟ್ಟು ಇದೇ. ಅದರ ಎರಡೂ ಬದಿಯಲ್ಲಿ ನೆಲ ಸವರುವ ಸ್ಕರ್ಟ್‌ಗಳಿದ್ದವು, ಹೊರಗಿನ ಗಾಳಿ ಒಳಗೆ ನುಗ್ಗದಂತೆ. ನಮ್ಮದರಲ್ಲಿ ಸ್ಕರ್ಟ್ ಇರಲಿಲ್ಲ. ಬದಿಯಿಂದ ಸೋರಿಕೆ ಇದ್ದೇ ಇತ್ತು.

ಇನ್ನು ವೇಗದ ಲೆಕ್ಕ. ವೇಗ ಎರಡು ಪಟ್ಟಾದರೆ ಸೆಕೆಂಡಿಗೆ ಎರಡು ಪಟ್ಟು ಗಾಳಿ ಕಾರಿಗೆ ಎದುರಾಗುತ್ತದೆ. ಅಷ್ಟೇ ಅಲ್ಲ, ಆ ಗಾಳಿ ಮೇಲಕ್ಕೆ ತಿರುಗುವ ವೇಗವೂ ಎರಡು ಪಟ್ಟಾಗುತ್ತದೆ. ಎರಡನ್ನು ಎರಡರಿಂದ ಗುಣಿಸಿ, ಬಲ ನಾಲ್ಕು ಪಟ್ಟು. ಬರೆಯುವುದಾದರೆ ಇಷ್ಟೇ:

```
F = 0.5 × ρ × V² × ClA
```

F ಅಂದರೆ ನ್ಯೂಟನ್ ಲೆಕ್ಕದಲ್ಲಿ ಡೌನ್‌ಫೋರ್ಸ್. V ಅಂದರೆ ವೇಗ, ಸೆಕೆಂಡಿಗೆ ಎಷ್ಟು ಮೀಟರ್ ಅಂತ. ρ ಅಂದರೆ ಗಾಳಿಯ ಸಾಂದ್ರತೆ. ಸಮುದ್ರ ಮಟ್ಟದಲ್ಲಿ, 15 ಡಿಗ್ರಿಯಲ್ಲಿ ಅದು ಘನ ಮೀಟರ್‌ಗೆ 1.225 ಕೆಜಿ. ಹುಬ್ಬಳ್ಳಿ 600 ಮೀಟರ್‌ಗಿಂತ ಎತ್ತರದಲ್ಲಿದೆ, ಬಿಸಿಲೂ ಜಾಸ್ತಿ. 30 ಡಿಗ್ರಿ ಇದ್ದಾಗ ಇಲ್ಲಿ ಸುಮಾರು 1.08 ಮಾತ್ರ. ಅಂದರೆ ನಮ್ಮೂರಲ್ಲಿ ಹತ್ತು ಪರ್ಸೆಂಟಿಗಿಂತ ಜಾಸ್ತಿ ಡೌನ್‌ಫೋರ್ಸ್ ಸುಮ್ನೆ ಕೈತಪ್ಪುತ್ತದೆ. ClA ಅನ್ನುವುದು ಕಾರಿನ ಆಕಾರ ಮತ್ತು ಅಳತೆ ಸೇರಿದ ಒಂದು ಸಂಖ್ಯೆ. ಕಂಪ್ಯೂಟರ್ ಲೆಕ್ಕದಲ್ಲಿ ನಮ್ಮದು 2.5 ಬಂದಿತ್ತು. ಹಾಗಾದರೆ 30 ಕಿಮೀ ವೇಗದಲ್ಲಿ 10 ಕೆಜಿ ಭಾರದಷ್ಟು ಬಲ, 60ರಲ್ಲಿ 38 ಕೆಜಿಯಷ್ಟು, 90ರಲ್ಲಿ 86 ಕೆಜಿಯಷ್ಟು.

ಇದರಿಂದ ಏನು ಲಾಭ ಅಂತ ತಂಡದಲ್ಲೇ ಕೇಳುವವರಿದ್ದರು. ಅವರಿಗೆ ನಾನು ಎರಡು ತಿರುವಿನ ಲೆಕ್ಕ ತೋರಿಸುತ್ತಿದ್ದೆ. ಟೈರ್ ತನ್ನ ಮೇಲಿನ ಭಾರದ 1.4 ಪಟ್ಟು ಹಿಡಿತ ಕೊಡುತ್ತದೆ ಅಂತಿಟ್ಟುಕೊಳ್ಳಿ. 8 ಮೀಟರ್ ತ್ರಿಜ್ಯದ ಬಿಗಿ ತಿರುವಿನಲ್ಲಿ ಡೌನ್‌ಫೋರ್ಸ್ ಇಲ್ಲದೆ 38 ಕಿಮೀ ವೇಗ ಸಾಧ್ಯ, ಅದು ಇದ್ದರೆ 39. 20 ಮೀಟರ್ ತಿರುವಿನಲ್ಲಿ 60 ಇದ್ದದ್ದು 64 ಆಗುತ್ತದೆ. ಟೈರ್‌ಗೆ ಭಾರ ಸಿಕ್ಕಿತು, ಆದರೆ ತಿರುವಿನಲ್ಲಿ ಎಳೆದು ತಿರುಗಿಸಬೇಕಾದ ತೂಕ ಏರಲಿಲ್ಲ. ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿದರೆ ಈ ಲಾಭ ಬರುವುದಿಲ್ಲ.

ಕಂಪ್ಯೂಟರ್ ಹೇಳಿದ 2.5 ನಿಜವೋ ಸುಳ್ಳೋ ಅಂತ ನೋಡಲು ನಮ್ಮ ಬಳಿ ವಿಂಡ್ ಟನಲ್ ಇರಲಿಲ್ಲ. ಸ್ಪ್ರಿಂಗ್‌ಗಳನ್ನೇ ತಕ್ಕಡಿ ಮಾಡಿಕೊಂಡೆವು. ನಾಲ್ಕೂ ಡ್ಯಾಂಪರ್‌ಗಳ, ಅಂದರೆ ಶಾಕ್ ಅಬ್ಸಾರ್ಬರ್‌ಗಳ ಪಕ್ಕ ಉದ್ದ ಅಳೆಯುವ ಸೆನ್ಸರ್ ಕಟ್ಟಿದ್ದೆವು. ಪ್ರತಿ ಚಕ್ರ 25 ನ್ಯೂಟನ್‌ಗೆ ಒಂದು ಮಿಲಿಮೀಟರ್ ಕುಗ್ಗುತ್ತಿತ್ತು. ನಾಲ್ಕೂ ಸೇರಿ 100. 60 ಕಿಮೀ ವೇಗದ 38 ಕೆಜಿ ಅಂದರೆ ಸುಮಾರು 375 ನ್ಯೂಟನ್, ಹಾಗಾಗಿ ಆಗ ಕಾರು ಸರಾಸರಿ 3.75 ಮಿಲಿಮೀಟರ್ ಕೂರಬೇಕು. 30ರಲ್ಲಿ ಒಂದು ಮಿಲಿಮೀಟರ್ ಕೂಡ ಇಲ್ಲ, ಅದು ರಸ್ತೆಯ ಕುಲುಕಾಟದಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೇ ನಾವು 40ರಿಂದ ಮೇಲೆ ಮಾತ್ರ ಅಳೆದೆವು. ಮುಂದಿನ ಎರಡು, ಹಿಂದಿನ ಎರಡು, ಎಲ್ಲವನ್ನೂ ಕೂಡಿಸಲೇಬೇಕು. ಎತ್ತರದ ಹಿಂದಿನ ವಿಂಗ್ ಗಾಳಿಗೆ ಸಿಕ್ಕಿ ಹಿಂದಕ್ಕೆ ಎಳೆಯುವಾಗ ಮುಂದಿನ ಭಾರವನ್ನು ಹಿಂದಿನ ಚಕ್ರಕ್ಕೆ ಸಾಗಿಸುತ್ತದೆ. ಹಿಂದಿನದನ್ನಷ್ಟೇ ನೋಡಿದರೆ ವಿಂಗ್ ಭಾರಿ ಕೆಲಸ ಮಾಡುತ್ತಿದೆ ಅನ್ನಿಸಿಬಿಡುತ್ತದೆ.

ತಾರಿಹಾಳದ ಕಡೆ ಪರಿಚಯದವರೊಬ್ಬರ ಖಾಸಗಿ ಜಾಗದಲ್ಲಿ ನೇರವಾದ ಕಾಂಕ್ರೀಟ್ ರಸ್ತೆ ಇತ್ತು. ಬೆಳಗಿನ ಜಾವವೇ ಹೋಗುತ್ತಿದ್ದೆವು. ಕಾರಣ ಗಾಳಿ. ನಮ್ಮ ಕಡೆ ಮಳೆಗಾಲದಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆ ಅಂತ ಗದಗದ ಕಪ್ಪತಗುಡ್ಡದ ಗಾಳಿಯಂತ್ರ ನೋಡಿದವರಿಗೆ ಹೇಳಬೇಕಿಲ್ಲ. ಕಾರಿನ ವೇಗ 60, ಎದುರುಗಾಳಿ 10 ಅಂದರೆ ವಿಂಗ್‌ಗೆ ತಾಗುವುದು 70. ತಿರುಗಿ ಬರುವಾಗ 50. ಒಂದೇ ಕಾರು, ಮೀಟರ್‌ನಲ್ಲಿ ಒಂದೇ ವೇಗ, ಆದರೆ ಬಲದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು ವ್ಯತ್ಯಾಸ! ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದರೆ ತಪ್ಪು ಮೂರು ಪರ್ಸೆಂಟ್‌ಗೆ ಇಳಿಯುತ್ತದೆ. ಒಂದೇ ದಿಕ್ಕಿನ ಅಳತೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

40ರಲ್ಲಿ 1.7 ಮಿಲಿಮೀಟರ್, 50ರಲ್ಲಿ 2.6 ಬಂತು. ಎರಡನ್ನೂ ವೇಗದ ವರ್ಗದಿಂದ ಭಾಗಿಸಿದರೆ ಒಂದೇ ಸಂಖ್ಯೆ. ಕಂಪ್ಯೂಟರ್ ಹೇಳಿದ್ದಕ್ಕೂ ಹೊಂದಿತು. ನಮಗೆ ಖುಷಿಯೋ ಖುಷಿ. 60ರಲ್ಲಿ 3.75ರ ಬದಲು 4ಕ್ಕಿಂತ ಸ್ವಲ್ಪ ಜಾಸ್ತಿ ಬಂತು. 70ರಲ್ಲಿ 5.1 ಬರಬೇಕಿತ್ತು. ಬಂದದ್ದು ಮತ್ತೆ 4ರ ಆಸುಪಾಸು. ಡ್ರೈವರ್ ಇಳಿದು ಬಂದು, "ಹಿಂದ ಒಮ್ಮೆಲೆ ಹಗುರ ಆದಂಗ ಆತಲೇ" ಅಂದ.

ತಂಡದಲ್ಲಿ ಎಲ್ಲರೂ ವಿಂಗ್ ಮೇಲೆ ಅನುಮಾನ ಪಟ್ಟರು. ವಿಂಗ್‌ನ ಕೋನ ಜಾಸ್ತಿಯಾದರೆ ಕೆಳಮೈಯಿಂದ ಗಾಳಿ ಕಳಚಿಕೊಂಡು ಬಲ ಹೋಗುತ್ತದೆ, ಅದು ನಿಜ. ಆದರೆ ನನಗೆ ಬೀಳುವ ಮೊದಲು ಏರಿದ್ದು ವಿಚಿತ್ರ ಅನ್ನಿಸಿತು. ಕಳಚಿಕೊಳ್ಳುವ ವಿಂಗ್ ಮೊದಲು ಲೆಕ್ಕಕ್ಕಿಂತ ಜಾಸ್ತಿ ಬಲ ಕೊಡುವುದಿಲ್ಲ. ಹಾಗೆ ಮಾಡುವುದು ನೆಲಕ್ಕೆ ಹತ್ತಿರ ಇಳಿಯುತ್ತಿರುವ ಫ್ಲೋರ್. ಸಂದಿ ಕಿರಿದಾದಷ್ಟೂ ಸೆಳೆತ ಏರುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಫ್ಲೋರಿಗೂ ನೆಲಕ್ಕೂ ಹತ್ತಿರದ ಗಾಳಿಯ ಪದರ ಯಾವಾಗಲೂ ಸೋಮಾರಿ. ಸಂದಿ ತೀರಾ ಸಣ್ಣದಾದರೆ ಎರಡು ಸೋಮಾರಿ ಪದರಗಳೇ ಜಾಗ ತುಂಬಿಕೊಳ್ಳುತ್ತವೆ. ನಡುವೆ ಗಾಳಿ ಓಡಲು ದಾರಿ ಉಳಿಯುವುದಿಲ್ಲ. ಡಿಫ್ಯೂಸರ್‌ಗೆ ಸುಸ್ತಾದ ಗಾಳಿ ಸಿಗುತ್ತದೆ, ಅದು ಮೇಲ್ಮೈ ಬಿಟ್ಟು ಸುಳಿಯಾಗುತ್ತದೆ.

ದುರ್ಗದಬೈಲಿನಿಂದ ಕೆಂಪು ಉಲ್ಲನ್ ದಾರ ತಂದೆವು. ಬೆರಳುದ್ದ ಕತ್ತರಿಸಿ ಡಿಫ್ಯೂಸರ್‌ನ ಒಳಮೈಗೆ ಟೇಪಿನಿಂದ ಅಂಟಿಸಿ, ಹಿಂದಿನಿಂದ ಪುಟ್ಟ ಕ್ಯಾಮೆರಾ ಕಟ್ಟಿದೆವು. ಗಾಳಿ ಮೈಗಂಟಿ ಹರಿಯುತ್ತಿದ್ದರೆ ದಾರ ನೆಟ್ಟಗೆ ಹಿಂದಕ್ಕೆ ಮಲಗುತ್ತದೆ. ಕಳಚಿದ್ದರೆ ಒದ್ದಾಡುತ್ತದೆ, ಕೆಲವೊಮ್ಮೆ ಮುಂದಕ್ಕೇ ತಿರುಗುತ್ತದೆ. ಜತೆಗೆ ಫ್ಲೋರಿನ ಅಂಚಿಗೆ ಥರ್ಮೋಕೋಲ್ ತುಂಡುಗಳನ್ನು ಅಂಟಿಸಿದೆವು. ಎಲ್ಲವೂ ಬೇರೆ ಬೇರೆ ಉದ್ದ. ಅಂಚು ಎಷ್ಟು ಕೆಳಗೆ ಬಂತೋ ಅಷ್ಟು ತುಂಡುಗಳು ಸವೆದಿರುತ್ತವೆ. ಬರೀ ಸ್ಪ್ರಿಂಗ್ ಕುಗ್ಗಿದ್ದರೆ ಸವೆತ 4–5 ಮಿಲಿಮೀಟರ್‌ಗೆ ನಿಲ್ಲಬೇಕಿತ್ತು. ಅದಕ್ಕಿಂತ ತುಂಬಾ ಉದ್ದಕ್ಕೆ ಸವೆದಿತ್ತು. 60ರವರೆಗೆ ಮಲಗಿದ್ದ ದಾರಗಳು 70ರಲ್ಲಿ ಕುಣಿಯುತ್ತಿದ್ದವು. ಹಿಂದಿನ ವಿಂಗ್ ಕೆಳಗೆ ಅಂಟಿಸಿದ್ದವು ಮಾತ್ರ ಅಲುಗದೆ ಮಲಗಿದ್ದವು.

ಫ್ಲೋರನ್ನು ನಾವು ಅಂಗಡಿ ಬೋರ್ಡ್ ಮಾಡುವವರು ಬಳಸುವ 3 ಮಿಲಿಮೀಟರ್ ಎಸಿಪಿ ಶೀಟಿನಲ್ಲಿ ಮಾಡಿದ್ದೆವು. ಅಗ್ಗ, ಚಾಕುವಿನಲ್ಲಿ ಗೀರಿ ಬಗ್ಗಿಸಬಹುದು. ಕೈಯಲ್ಲಿ ಒತ್ತಿದರೆ ಗಟ್ಟಿ ಅನ್ನಿಸುತ್ತದೆ. ಆದರೆ ಸೆಳೆತ ಚದರ ಮೀಟರ್‌ಗೆ 300 ನ್ಯೂಟನ್ ಅಂತ ಹಿಡಿದರೂ, 60 ಸೆಂಟಿಮೀಟರ್ ಅಂತರದಲ್ಲಿ ಮಾತ್ರ ಆಧಾರ ಇರುವ ಶೀಟ್ ನಡುವೆ ನಾಲ್ಕು ಮಿಲಿಮೀಟರ್‌ನಷ್ಟು ಬಾಗುತ್ತದೆ. ಬಾಗಿದರೆ ಸಂದಿ ಸಣ್ಣದಾಗಿ ಸೆಳೆತ ಏರುತ್ತದೆ. ಸೆಳೆತ ಏರಿದರೆ ಇನ್ನಷ್ಟು ಬಾಗುತ್ತದೆ. ದೊಡ್ಡವರಿಗೂ ಈ ಕಾಟ ತಪ್ಪಿಲ್ಲ. 2022ರಲ್ಲಿ ಫಾರ್ಮುಲಾ ಒನ್‌ಗೆ ನೆಲದ ಸಹಾಯದಿಂದ ಸೆಳೆಯುವ ಗ್ರೌಂಡ್ ಇಫೆಕ್ಟ್ ಫ್ಲೋರ್ ವಾಪಸ್ ಬಂದಾಗ ನೇರ ರಸ್ತೆಯಲ್ಲೇ ಕಾರುಗಳು ಕುಪ್ಪಳಿಸಿದವು. ಸೆಳೆತ ಏರಿ ಕಾರು ಇಳಿಯುತ್ತದೆ, ಗಾಳಿ ಕಟ್ಟಿ ಸೆಳೆತ ಬಿಡುತ್ತದೆ, ಕಾರು ಏಳುತ್ತದೆ, ಮತ್ತೆ ಅದೇ. ಆಗ ಫ್ಲೋರಿನ ಅಂಚನ್ನು ಮೇಲಿನಿಂದ ಹಿಡಿಯುವ ಲೋಹದ ಸರಳು ಹಾಕಿಕೊಳ್ಳಲು ತಂಡಗಳಿಗೆ ಅನುಮತಿ ಸಿಕ್ಕಿತ್ತು.

ನಾವೂ ಅದನ್ನೇ ಮಾಡಿದೆವು. ಕಾಕಾ ತೆಳುವಾದ ಸ್ಟೀಲ್ ಸರಳುಗಳ ಎರಡೂ ತುದಿಗೆ ಕಣ್ಣು ಬೆಸೆದುಕೊಟ್ಟರು. ಫ್ಲೋರಿನ ಎರಡೂ ಅಂಚನ್ನು ಚಾಸಿಗೆ ಬಿಗಿದೆವು. ಶೀಟಿನ ಮೇಲ್ಮೈಗೆ ಅಡ್ಡಡ್ಡ ಅಲ್ಯೂಮಿನಿಯಂ ಆಂಗಲ್ ಅಂಟಿಸಿದೆವು. ಕೆಳಮೈಗೆ ಏನೂ ಅಂಟಿಸಲಿಲ್ಲ, ಅಲ್ಲಿ ಒಂದು ಬೋಲ್ಟ್ ತಲೆ ಎದ್ದರೂ ಗಾಳಿ ಕೆಡುತ್ತದೆ. ಮುಂದಿನ ಓಟದಲ್ಲಿ 70ಕ್ಕೆ 5 ಮಿಲಿಮೀಟರ್ ಬಂತು. ದಾರಗಳೂ ಮಲಗಿದವು, ತೀರಾ ಹೊರಗಿನ ಸಾಲು ಬಿಟ್ಟು. ಅಲ್ಲಿ ಬದಿಯಿಂದ ನುಗ್ಗುವ ಗಾಳಿ ಸುರುಳಿ ಸುತ್ತುತ್ತದೆ, ಅದನ್ನು ಹಾಗೇ ಬಿಟ್ಟೆವು.

ಇದಾದ ಮೇಲೆ ಒಂದು ಕೆಲಸ ಉಳಿದಿತ್ತು. ವೇಗದಲ್ಲಿ ಹಿಂದಿನ ಹಿಡಿತ ವಾಪಸ್ ಬಂದದ್ದರಿಂದ ಈಗ ಮುಂಭಾಗ ಕಡಿಮೆ ಅನ್ನಿಸತೊಡಗಿತು. ಜೋರಾದ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಕ್ಕೆ ಜಾರುತ್ತದೆ ಅಂತ ಡ್ರೈವರ್ ಹೇಳಿದ. ನಿಧಾನದ ತಿರುವಿನಲ್ಲಿ ಆ ದೂರು ಇರಲಿಲ್ಲ. ಅಂದರೆ ಕೊರತೆ ಇದ್ದದ್ದು ಗಾಳಿಯ ಬಲದಲ್ಲಿ, ಹಾಗಾಗಿ ಸ್ಪ್ರಿಂಗ್, ಟೈರ್ ಮುಟ್ಟಲಿಲ್ಲ. ಮುಂದಿನ ವಿಂಗ್‌ನ ಕೋನ ಬದಲಿಸುವ ಫ್ಲಾಪ್ ಅನ್ನು ಒಂದು ತೂತು ಮೇಲಕ್ಕೆ ಹಾಕಿ ಬೋಲ್ಟ್ ಬಿಗಿದೆವು.