ಮಗು ಬಸ್ಸಿನಲ್ಲೇ ನಿದ್ದೆ ಹೋಗಿ ಉಳಿದಾಗ: ಡ್ರೈವರ್ ಮತ್ತು ಆಯಾ ವರದಿ ಬರೆಯುವುದು ಹೇಗೆ?

ಶಾಲೆಯ ಸಾರಿಗೆ ಕೆಲಸದಲ್ಲಿ ಇರುವವರಿಗೆ ಈ ಥರದ ವರದಿ ಹೇಗಿರುತ್ತದೆ ಎಂದು ಚೆನ್ನಾಗಿ ಗೊತ್ತು. ಒಂದೇ ಹಾಳೆ, ನಾಲ್ಕು ಸಾಲು, ಕೆಳಗೆ ಎರಡು ಸಹಿ. ‘ಕಣ್ತಪ್ಪಿನಿಂದ ಮಗುವೊಂದು ಬಸ್ಸಿನಲ್ಲೇ ಉಳಿದಿದ್ದು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ.’ ಇದು ಕ್ಷಮಾಪಣೆ ಪತ್ರ. ಮಗು ಎಷ್ಟು ಹೊತ್ತು ಒಳಗಿತ್ತು, ಬಾಗಿಲು ಹಾಕಿದ್ದು ಯಾರು, ಹಿಂದಿನ ಸೀಟಿನವರೆಗೆ ಯಾರಾದರೂ ಹೋಗಿದ್ದರಾ, ಒಂದೂ ಇದರಲ್ಲಿಲ್ಲ. ತಾಯಿ ಕೇಳುವುದೂ ಡಾಕ್ಟರ್ ಕೇಳುವುದೂ ಇವನ್ನೇ.

ಹಂತ 1: ಮೊದಲು ಮಗು, ಆಮೇಲೆ ಪೆನ್ನು

ನಿಂತ ಬಸ್ಸಿನ ಒಳಗೆ ಬಿಸಿಲಿನ ಕಾವು ಬೇಗ ಏರುತ್ತದೆ. ಹೆಚ್ಚಿನ ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಎಷ್ಟೋ ಬೇಗ ಬಿಸಿಯಾಗುತ್ತದೆ. ಮಗುವನ್ನು ನೆರಳಿಗೆ ತನ್ನಿ, ಶೂ, ಟೈ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಗಾಳಿ ಹಾಕಿ. ಚೆನ್ನಾಗಿ ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಿ. ಮಂಪರು, ವಾಂತಿ, ಸುಡುವ ಮೈ, ತೊದಲು ಮಾತು ಇದ್ದರೆ ಬಾಯಿಗೆ ನೀರು ಹಾಕಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಮಗು ನಗುತ್ತಿದ್ದರೂ ಡಾಕ್ಟರ್‌ಗೆ ತೋರಿಸಿ. ತಂದೆ ತಾಯಿಗೆ ಶಾಲೆಯಿಂದಲೇ ಕರೆ ಹೋಗಲಿ, ಅದೂ ಆಗಲೇ. ‘ಮನೇಲಿ ಹೇಳಬೇಡ ಪುಟ್ಟಾ’ ಎಂದು ಮಗುವಿನ ಕೈಗೆ ಚಾಕೊಲೇಟ್ ಕೊಡುವವರಿದ್ದಾರೆ. ಆ ಒಂದು ಮಾತು ಸಂಜೆ ಮನೆಯಲ್ಲಿ ಹೊರಬಂದೇ ಬರುತ್ತದೆ. ಆಮೇಲೆ ನಿಮ್ಮ ವರದಿಯ ಒಂದು ಅಕ್ಷರವನ್ನೂ ಯಾರೂ ನಂಬುವುದಿಲ್ಲ.

ಹಂತ 2: ಎರಡು ಹಾಳೆ, ಇಬ್ಬರು ಬೇರೆ ಬೇರೆ ಕೂತು

ಡ್ರೈವರ್ ಒಂದು, ಆಯಾ ಒಂದು. ಅದೇ ದಿನ, ಮಧ್ಯಾಹ್ನದ ಟ್ರಿಪ್ ಹೊರಡುವ ಮೊದಲು. ಇಬ್ಬರೂ ಮಾತಾಡಿಕೊಂಡು ಬರೆದರೆ ಎರಡೂ ಹಾಳೆಯಲ್ಲಿ ಒಂದೇ ಮಾತು ಬರುತ್ತದೆ, ಆಗ ಎರಡನೇ ಹಾಳೆಯಿಂದ ಏನೂ ಉಪಯೋಗವಿಲ್ಲ. ಇಬ್ಬರ ಹೇಳಿಕೆಯಲ್ಲಿ ಎರಡು ಮೂರು ನಿಮಿಷ ಹೆಚ್ಚು ಕಡಿಮೆ ಇದ್ದರೆ ಹೆದರಬೇಡಿ, ಅದು ಸಹಜ.

ಆಯಾಗೆ ಬರೆಯಲು ಬರದಿದ್ದರೆ ಅವರು ಹೇಳಲಿ, ಬೇರೆಯವರು ಬರೆಯಲಿ. ಕನ್ನಡ, ತೆಲುಗು, ಉರ್ದು, ಅವರಿಗೆ ಯಾವ ಮಾತು ಸಲೀಸೋ ಅದರಲ್ಲೇ ಹೇಳಲಿ. ಬರೆದದ್ದನ್ನು ಓದಿ ಹೇಳಿ, ಅವರು ‘ಹೌದು’ ಅಂದ ಮೇಲೆ ಸಹಿ ಅಥವಾ ಹೆಬ್ಬೆಟ್ಟು. ಬರೆದವರ ಹೆಸರೂ ಕೆಳಗೆ ಇರಬೇಕು. ಆದರೆ ಆ ಬರೆಯುವ ವ್ಯಕ್ತಿ ಅದೇ ಬಸ್ಸಿನ ಡ್ರೈವರ್ ಆಗಬಾರದು, ಸಾರಿಗೆ ಉಸ್ತುವಾರಿಯೂ ಆಗಬಾರದು. ‘ಅಕ್ಕಾ, ಹೀಗೆ ಬರೀತೀನಿ ಬಿಡಿ’ ಎಂದು ಅವರ ಬಾಯಲ್ಲಿ ತಮ್ಮ ಮಾತು ಇಡುವುದು ಈ ಇಬ್ಬರೇ.

ಗೆರೆ ಹಾಕಿದ ಬಿಳಿ ಹಾಳೆ, ನೀಲಿ ಪೆನ್ನು, ಕೈಬರಹ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ. ವೈಟ್ನರ್ ಹಚ್ಚಲೇಬೇಡಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ಫಾರಂಗಳನ್ನೂ ಬಿಟ್ಟುಬಿಡಿ. ಅದರಲ್ಲಿ ‘ಬಸ್ ಪರಿಶೀಲಿಸಿದಿರಾ? ಹೌದು / ಇಲ್ಲ’ ಎಂದು ಎರಡು ಚೌಕ ಇರುತ್ತದೆ. ಹೆದರಿದ ಮನುಷ್ಯ ‘ಹೌದು’ ಮೇಲೇ ಟಿಕ್ ಹಾಕುತ್ತಾನೆ, ನಿಜ ಅಲ್ಲಿಗೇ ಮುಚ್ಚಿಹೋಗುತ್ತದೆ.

ಹಂತ 3: ತಲೆಬರಹ

ದಿನಾಂಕ, ಬಸ್ ನಂಬರ್, ರೂಟ್, ಟ್ರಿಪ್, ನಿಮ್ಮ ಹೆಸರು, ಕೆಲಸ, ಬರೆಯುತ್ತಿರುವ ಸಮಯ. ಅಷ್ಟು ಸಾಕು.

ಹಂತ 4: ಕೊನೆಯ ಮಗು ಇಳಿದದ್ದರಿಂದ ಬಾಗಿಲು ಹಾಕುವವರೆಗೆ

ಎಲ್ಲರೂ ಎಡವುವುದು ಇಲ್ಲೇ. ಬೆಳಿಗ್ಗೆ ಡಿಪೋ ಬಿಟ್ಟದ್ದು, ಟ್ರಾಫಿಕ್, ಡೀಸೆಲ್, ಎಲ್ಲ ವಿವರವಾಗಿ ಬರುತ್ತದೆ. ಶಾಲೆ ಮುಟ್ಟಿದ ಮೇಲೆ ‘ಎಲ್ಲ ಮಕ್ಕಳನ್ನೂ ಇಳಿಸಿ ಬಸ್ ನಿಲ್ಲಿಸಲಾಯಿತು’ ಎಂದು ಒಂದೇ ಸಾಲು. ಎಲ್ಲ ಮಕ್ಕಳೂ ಇಳಿದಿರಲಿಲ್ಲ ಅಲ್ವಾ? ಹಾಗಾದರೆ ಆ ಸಾಲೇ ಸುಳ್ಳು. ಜೊತೆಗೆ ‘ಇಳಿಸಿ’, ‘ನಿಲ್ಲಿಸಲಾಯಿತು’ ಎಂದರೆ ಮಾಡಿದವರು ಯಾರು ಎಂಬುದೇ ಮಾಯ. ಈ ಭಾಗದಲ್ಲಿ ಪ್ರತಿ ವಾಕ್ಯವೂ ‘ನಾನು ಮಾಡಿದೆ’, ‘ನಾನು ಮಾಡಲಿಲ್ಲ’ ಎಂಬ ಧಾಟಿಯಲ್ಲೇ ಇರಲಿ.

‘ಚೆಕ್ ಮಾಡಿದೆ’ ಎಂಬ ಮಾತನ್ನೂ ಬಳಸಬೇಡಿ. ಎಲ್ಲಿ ನಿಂತಿದ್ದಿರಿ, ಎಷ್ಟನೇ ಸಾಲಿನವರೆಗೆ ನಡೆದಿರಿ, ಅಲ್ಲಿಂದ ಏನು ಕಂಡಿತು, ಅದನ್ನು ಬರೆಯಿರಿ. ಬಸ್ಸಿನ ಸೀಟಿನ ಬೆನ್ನು ಎತ್ತರವಾಗಿರುತ್ತದೆ. ಡ್ರೈವರ್‌ನ ಒಳಗನ್ನಡಿಯಲ್ಲಿ ಕೂತವರ ತಲೆ ಕಾಣುತ್ತದೆ, ಸೀಟಿನ ಮೇಲೆ ಮಲಗಿದ ಐದು ವರ್ಷದ ಮಗು ಕಾಣುವುದೇ ಇಲ್ಲ. ಫುಟ್‌ಬೋರ್ಡ್ ಮೇಲೆ ನಿಂತು ಹಿಂದಕ್ಕೆ ನೋಡಿದರೂ ಅಷ್ಟೇ. ಕೊನೆಯ ಸೀಟಿನವರೆಗೆ ನಡೆದು, ಎರಡೂ ಬದಿ ನೋಡುತ್ತಾ, ಸೀಟಿನ ಕೆಳಗೆ ಬಗ್ಗಿ ನೋಡಿದರೆ ಮಾತ್ರ ಬಸ್ ಖಾಲಿ ಎಂದು ಹೇಳಬಹುದು. ಹಾಗೆ ನಡೆದಿರಲಿಲ್ಲ ಎಂದರೆ ನಡೆದಿರಲಿಲ್ಲ ಎಂದೇ ಬರೆಯಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಯುಕೆಜಿ ಹುಡುಗಿ, ಹಿಂದಿನಿಂದ ಎರಡನೇ ಸಾಲು, ಎಡಗಡೆ ಕಿಟಕಿ ಪಕ್ಕ. ಟ್ರಿಪ್ ಶೀಟಿನಲ್ಲಿ ಹತ್ತಿದವರು 19, ಇಳಿದವರು 19. ಡ್ರೈವರ್ ಹೀಗೆ ಬರೆಯಬಹುದು:

‘8.22ಕ್ಕೆ ಗೇಟಿನ ಮುಂದೆ ಬಸ್ ನಿಲ್ಲಿಸಿ ಬಾಗಿಲು ತೆಗೆದೆ. ಸಮಯ ನನ್ನ ಮೊಬೈಲ್ ನೋಡಿ ಬರೆದದ್ದು. ಮಕ್ಕಳು ಇಳಿಯುವಾಗ ನಾನು ಸೀಟಿನಲ್ಲೇ ಇದ್ದೆ. ಇಳಿದವರನ್ನು ಎಣಿಸಲಿಲ್ಲ. ಹಿಂದಿನ ಬಸ್ ಹಾರ್ನ್ ಹೊಡೆಯುತ್ತಿತ್ತು. ಕನ್ನಡಿಯಲ್ಲಿ ಯಾರೂ ಕಾಣಲಿಲ್ಲ. “ಆಯ್ತಾ ಅಕ್ಕಾ?” ಎಂದು ಕೇಳಿದೆ, ಅವರು ಏನು ಹೇಳಿದರು ಎಂದು ಕೇಳಿಸಲಿಲ್ಲ. 8.28ಕ್ಕೆ ಹೊರಟೆ. 8.31ಕ್ಕೆ ಶಾಲೆಯ ಹಿಂದಿನ ಮೈದಾನದಲ್ಲಿ ಬಿಸಿಲಿನಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಕಿಟಕಿ ಮುಚ್ಚಿದ್ದವು. ಹಿಂದೆ ನಡೆದು ನೋಡಲಿಲ್ಲ. ಬಾಗಿಲು ಹಾಕಿ ಹೋದೆ. 9.40ಕ್ಕೆ ಊಟದ ಡಬ್ಬಿ ತೆಗೆದುಕೊಳ್ಳಲು ಬಂದಾಗ ಸೀಟಿನ ಹೊರಗೆ ಮಗುವಿನ ಕಾಲು ಕಂಡಿತು.’

ಇದರಿಂದ ಮಗು ಮುಚ್ಚಿದ ಬಸ್ಸಿನಲ್ಲಿ 69 ನಿಮಿಷ ಇತ್ತು ಎಂದು ಡಾಕ್ಟರ್‌ಗೆ ಗೊತ್ತಾಗುತ್ತದೆ. ಹೊರಡುವ ಮುನ್ನ ಕೇಳಿದ ಪ್ರಶ್ನೆಗೆ ಉತ್ತರ ಕೇಳಿಸದೆಯೇ ಬಸ್ ಹೊರಟಿತ್ತು ಎಂದು ಶಾಲೆಗೆ ಗೊತ್ತಾಗುತ್ತದೆ. ಈಗ ಆಯಾ ಅವರ ಹಾಳೆ:

‘ನಾನು ಮೊದಲು ಇಳಿದು ಫುಟ್‌ಬೋರ್ಡ್ ಪಕ್ಕ ನಿಂತು ಚಿಕ್ಕ ಮಕ್ಕಳ ಕೈ ಹಿಡಿದು ಇಳಿಸಿದೆ. ಒಂದು ಮಗು ಅಳುತ್ತಿತ್ತು, ಅದನ್ನು ಕರೆದುಕೊಂಡು ಕ್ಲಾಸಿಗೆ ಹೋದೆ. ಮತ್ತೆ ಬಸ್ ಹತ್ತಲಿಲ್ಲ. ಡ್ರೈವರ್ ಏನಾದರೂ ಕೇಳಿದ್ದರೆ ಅದು ನನಗೆ ಕೇಳಿಸಲಿಲ್ಲ. ಇಳಿದವರು 19 ಎಂದು ಕೊನೆಯ ಸ್ಟಾಪ್ ದಾಟಿದ ಮೇಲೆ ದಾರಿಯಲ್ಲೇ ಬರೆದಿದ್ದೆ. ಇಳಿಯುವಾಗ ಎಣಿಸಲಿಲ್ಲ.’

ಬರೆಯಲು ತುಂಬಾ ಕಷ್ಟವಾಗುವುದು ಆ ಕೊನೆಯ ಎರಡು ಸಾಲು. ಅವನ್ನು ಬಿಟ್ಟರೆ ಟ್ರಿಪ್ ಶೀಟಿನ 19 ಎಲ್ಲಿಂದ ಬಂತು ಎಂದು ಯಾರಿಗೂ ತಿಳಿಯುವುದಿಲ್ಲ. ಅನುಮಾನ ಸುಮ್ನೆ ಇನ್ಯಾರ ಮೇಲೋ ಹೋಗುತ್ತದೆ. ಎಷ್ಟೋ ಬಸ್ಸುಗಳಲ್ಲಿ ಇಳಿದವರ ಸಂಖ್ಯೆಯನ್ನು ಹೀಗೆ ಮೊದಲೇ ತುಂಬುತ್ತಾರೆ. ಒಂದೇ ಸಲ ಒತ್ತಿದರೆ ಎಲ್ಲ ಮಕ್ಕಳೂ ಇಳಿದರು ಎಂದು ತೋರಿಸುವ ಆ್ಯಪ್‌ಗಳೂ ಇವೆ. ಅಂಥ ಬಟನ್ ಇರುವ ಆ್ಯಪ್ ಅನ್ನು ಶಾಲೆಗಳು ಕೊಳ್ಳಲೇಬಾರದು. ಹಾಜರಿಯನ್ನು ಆ್ಯಪ್‌ನಲ್ಲಿ ಹಾಕಿದ್ದರೆ ಯಾವ ಬಟನ್ ಯಾವಾಗ ಒತ್ತಿದಿರಿ ಎಂದೂ ಬರೆಯಿರಿ.

ಜಪಾನಿನ ಮಕಿನೊಹಾರದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಮೂರು ವರ್ಷದ ಹುಡುಗಿ ಶಿಶುವಿಹಾರದ ಬಸ್ಸಿನಲ್ಲಿ ಸುಮಾರು ಐದು ಗಂಟೆ ಉಳಿದು ತೀರಿಕೊಂಡಳು. ಅಂದು ಮಾಮೂಲಿ ಡ್ರೈವರ್ ಇರಲಿಲ್ಲ, ಶಿಶುವಿಹಾರದ ಮುಖ್ಯಸ್ಥರೇ ಬಸ್ ಓಡಿಸಿದ್ದರು. ಇಳಿಯುವಾಗ ಎಣಿಸಲಿಲ್ಲ, ಬಸ್ಸಿನ ಒಳಗೆ ಕೊನೆಗೊಮ್ಮೆ ನೋಡಲಿಲ್ಲ, ಮಗು ತರಗತಿಯಲ್ಲಿ ಇಲ್ಲದಿದ್ದರೂ ಮನೆಗೆ ಫೋನ್ ಮಾಡಲಿಲ್ಲ. ಈ ತಪ್ಪುಗಳು ಬಿಡಿಬಿಡಿಯಾಗಿ ತಿಳಿದದ್ದು ಯಾರು ಯಾವಾಗ ಏನು ಮಾಡಲಿಲ್ಲ ಎಂದು ಒಂದೊಂದಾಗಿ ಕೇಳಿದ್ದರಿಂದ. ಮುಂದಿನ ಏಪ್ರಿಲ್‌ನಿಂದ ಅಲ್ಲಿ ಇಂಥ ಬಸ್ಸುಗಳಲ್ಲಿ ಎಚ್ಚರಿಕೆ ಸಾಧನ ಕಡ್ಡಾಯವಾಯಿತು. ಅದಕ್ಕೇ ಹೇಳುವುದು, ಅಂದು ಬದಲಿ ಡ್ರೈವರ್ ಅಥವಾ ಬದಲಿ ಆಯಾ ಇದ್ದರೆ ಅದನ್ನು ಮರೆಯದೆ ಬರೆಯಿರಿ. ಈ ರೂಟಿನಲ್ಲಿ ಎಷ್ಟನೇ ದಿನ, ಮಕ್ಕಳ ಮುಖ ಪರಿಚಯ ಇತ್ತಾ ಇಲ್ಲವಾ ಎಂಬುದೂ ಇರಲಿ.

ನಿಮ್ಮ ಬಸ್ಸಿನಲ್ಲೂ ಇಂಜಿನ್ ಆಫ್ ಆದಾಗ ಕೂಗುವ ಬಝರ್ ಇದ್ದು, ಅಂದು ಅದು ಕೂಗಲಿಲ್ಲವೆಂದರೆ ಅದನ್ನೂ ಬರೆಯಿರಿ. ಕೆಲವು ಬಝರ್‌ಗಳಿಗೆ ಡ್ರೈವರ್ ಸೀಟಿನ ಪಕ್ಕದಲ್ಲೇ ಆಫ್ ಸ್ವಿಚ್ ಇಟ್ಟಿರುತ್ತಾರೆ. ಅದರಿಂದ ಏನೂ ಪ್ರಯೋಜನವಿಲ್ಲ. ಆಫ್ ಮಾಡುವ ಬಟನ್ ಕೊನೆಯ ಸೀಟಿನ ಹಿಂದೆಯೇ ಇರಬೇಕು, ಆಗ ನಡೆದು ಹೋಗಲೇಬೇಕಾಗುತ್ತದೆ.

ಹಂತ 5: ಸಿಕ್ಕಾಗ ಮಗು ಹೇಗಿತ್ತು

ಕಂಡದ್ದು ಮಾತ್ರ. ಎಚ್ಚರವಿತ್ತಾ, ಅಳುತ್ತಿತ್ತಾ, ಬೆವರಿತ್ತಾ, ಮೈ ಬಿಸಿ ಇತ್ತಾ, ನೀರಿನ ಬಾಟಲಿ ಖಾಲಿ ಇತ್ತಾ. ‘ಮಗು ಆರಾಮಾಗಿತ್ತು’ ಎಂದು ತೀರ್ಪು ಕೊಡಬೇಡಿ, ಅದು ಡಾಕ್ಟರ್ ಹೇಳಬೇಕಾದ ಮಾತು. ‘ಮಗು ಬಚ್ಚಿಟ್ಟುಕೊಂಡಿತ್ತು’ ಎಂದಂತೂ ಬರೆಯಲೇಬೇಡಿ. ನಿದ್ದೆ ಬಂದ ಮಗು ಮಲಗಿತು, ಅಷ್ಟೇ. ಮೊದಲು ಯಾರಿಗೆ, ಎಷ್ಟು ಹೊತ್ತಿಗೆ ಹೇಳಿದಿರಿ ಎಂಬುದು ಇಲ್ಲಿ ಬರಲಿ.

ಹಂತ 6: ಕ್ಯಾಮೆರಾ ಮತ್ತು ಜಿಪಿಎಸ್

ಬಸ್ಸಿನ ಕ್ಯಾಮೆರಾದಲ್ಲಿ ಜಾಗ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ‘ಇಂದಿನ ದೃಶ್ಯ ತೆಗೆದಿಡಿ’ ಎಂದು ವರದಿಯಲ್ಲೇ ಒಂದು ಸಾಲು ಬರೆದು, ಅದೇ ದಿನ ಕೇಳಿ. ಇಂಜಿನ್ ಆಫ್ ಆದ ಸಮಯ ಜಿಪಿಎಸ್‌ನಲ್ಲಿ ಸಿಗುತ್ತದೆ. ಕ್ಯಾಮೆರಾ ಗಡಿಯಾರ ಕೆಲವು ಸಲ ಐದು ಹತ್ತು ನಿಮಿಷ ಹಿಂದೆ ಮುಂದೆ ಇರುತ್ತದೆ. ಮೊಬೈಲ್ ಪಕ್ಕದಲ್ಲಿ ಇಟ್ಟು ಎಷ್ಟು ವ್ಯತ್ಯಾಸ ಎಂದು ನೋಡಿಕೊಳ್ಳಿ. ಆದರೆ ದೃಶ್ಯ ನೋಡಿದ ಮೇಲೆ ನಿಮ್ಮ ಹಾಳೆಯನ್ನು ತಿದ್ದಬೇಡಿ. ನೆನಪಿದ್ದದ್ದು ಬೇರೆ, ಕ್ಯಾಮೆರಾದಲ್ಲಿ ಕಂಡದ್ದು ಬೇರೆ ಇದ್ದರೆ ಇನ್ನೊಂದು ಹಾಳೆಯಲ್ಲಿ, ಇನ್ನೊಂದು ಸಮಯ ಹಾಕಿ ಬರೆಯಿರಿ.

ಹಂತ 7: ಕೊಡುವುದು

ಟ್ರಿಪ್ ಶೀಟನ್ನು ಅದು ಇದ್ದ ಹಾಗೆಯೇ ಜೊತೆಗೆ ಲಗತ್ತಿಸಿ. ಹೊಸದಾಗಿ ಬರೆದುಕೊಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕ್ಲಾಸ್ ಟೀಚರ್ ಗೈರುಹಾಜರಿ ಹಾಕಿದ ಸಮಯ, ಮನೆಗೆ ಮೆಸೇಜ್ ಹೋದ ಸಮಯ ನೀವು ಬರೆಯುವಂಥದ್ದಲ್ಲ, ಆಫೀಸಿನವರು ಸೇರಿಸಬೇಕು. ಹಾಗೆ ಸೇರಿಸಿ ಎಂದು ಕೇಳುವುದು ನಿಮ್ಮ ಹಕ್ಕು, ಏಕೆಂದರೆ ಆ ಮೆಸೇಜ್ ಒಂಬತ್ತಕ್ಕೇ ಹೋಗಿದ್ದರೆ ಮಗು ಇನ್ನೂ ಬೇಗ ಸಿಗುತ್ತಿತ್ತು. ಮಗುವಿನ ಹೆಸರಿರುವ ಹಾಳೆಯ ಫೋಟೊ ಡ್ರೈವರ್‌ಗಳ ಗ್ರೂಪಿಗೆ ಹೋಗಬಾರದು. ಎರಡು ಪ್ರತಿ ಮಾಡಿ, ಒಂದನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಇನ್ನೊಂದರ ಮೇಲೆ ‘ಸ್ವೀಕರಿಸಿದೆ’ ಎಂದು ಸಮಯದ ಸಮೇತ ಸಹಿ ಹಾಕಿಸಿಕೊಂಡು ನಿಮ್ಮ ಬಳಿಯೇ ಇಟ್ಟುಕೊಳ್ಳಿ.