1.15 ಮೀಟರ್ ಮತ್ತು ಗರಿಯ ತುದಿ

ಬಳ್ಳಾರಿಯ ನಮ್ಮ ಬ್ಯಾಡ್ಮಿಂಟನ್ ಕ್ಲಬ್ಬಿನ ಡಬಲ್ಸ್ ಪಂದ್ಯಗಳಿಗೆ ಹೊರಗಿನಿಂದ ಅಂಪೈರ್ ಬರುವುದಿಲ್ಲ. ಒಂದು ಮ್ಯಾಚ್ ಆಡಿದವರೇ ಮುಂದಿನ ಮ್ಯಾಚ್‌ಗೆ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಸರ್ವಿಸ್ ಜಡ್ಜ್ ಅಂತೂ ಇಲ್ಲವೇ ಇಲ್ಲ, ಸರ್ವ್ ನೋಡುವುದೂ ನಮ್ಮ ತಲೆ ಮೇಲೆಯೇ. ಜಗಳ ಎದ್ದರೆ ಹೆಚ್ಚಾಗಿ ಸರ್ವ್‌ನ ಎತ್ತರದ ಬಗ್ಗೆಯೇ ಏಳುತ್ತದೆ.

ಮೊದಲು ಸೊಂಟದ ನಿಯಮ ಇತ್ತು. ಕೊನೆಯ ಪಕ್ಕೆಲುಬಿನ ಮಟ್ಟಕ್ಕಿಂತ ಕೆಳಗೆ ಶಟಲ್ ಇರಬೇಕಿತ್ತು. 2018ರಲ್ಲಿ ಅದು ಬದಲಾಗಿ, ಎಲ್ಲರಿಗೂ ನೆಲದಿಂದ 1.15 ಮೀಟರ್ ಅಂತಾಯಿತು. ಕುಳ್ಳಗಿದ್ದವರಿಗೆ ಇದರಿಂದ ಅನುಕೂಲವೇ ಆಯಿತು. ತೊಂದರೆಯಾದದ್ದು ಉದ್ದ ಇರುವವರಿಗೆ. ನಮ್ಮಲ್ಲಿ ಆರಡಿ ದಾಟಿದ ಹುಡುಗನೊಬ್ಬನಿದ್ದಾನೆ. ಅವನ ಕೊನೆಯ ಪಕ್ಕೆಲುಬನ್ನು ಟೇಪ್ ಹಿಡಿದು ಅಳೆದರೆ 1.18 ಬಂತು. ಹಳೆಯ ಅಭ್ಯಾಸದಲ್ಲೇ ಹೊಡೆದರೆ ಫಾಲ್ಟ್ ಆಗುವುದು ಸಹಜ, ಅಲ್ವಾ?

ಆದರೆ ಅದನ್ನು ಹಿಡಿಯುವುದು ಹೇಗೆ? ದೊಡ್ಡ ಟೂರ್ನಿಗಳಲ್ಲಿ ಅದಕ್ಕೆಂದೇ ಗೆರೆ ಎಳೆದ ಪಾರದರ್ಶಕ ಹಲಗೆಗಳ ಸಾಧನ ಇರುತ್ತದೆ. ನಾನು ಎದುರಿನ ಗೋಡೆಗೆ ಉದ್ದಕ್ಕೂ, ನೆಲದಿಂದ ಸರಿಯಾಗಿ 1.15 ಮೀಟರ್ ಎತ್ತರದಲ್ಲಿ, ಕೆಂಪು ಇನ್ಸುಲೇಷನ್ ಟೇಪ್ ಅಂಟಿಸಿದೆ. ಮೊದಲ ದಿನ ನಿಂತುಕೊಂಡೇ ನೋಡಿದೆ. ಒಂದೂ ಫಾಲ್ಟ್ ಸಿಗಲಿಲ್ಲ. ಎದ್ದು ಕಾಣುವಷ್ಟು ಮೇಲಿಂದ ಹೊಡೆದ ಸರ್ವ್ ಕೂಡ ಟೇಪ್‌ಗಿಂತ ಕೆಳಗೇ ಕಂಡಿತು.

ಮನೆಗೆ ಬಂದು ಲೆಕ್ಕ ಹಾಕಿದಾಗ ಗೊತ್ತಾಯಿತು. ನಿಂತಾಗ ನನ್ನ ಕಣ್ಣು ಸುಮಾರು 1.55 ಮೀಟರ್ ಎತ್ತರದಲ್ಲಿರುತ್ತದೆ. ಗೋಡೆ ನನ್ನಿಂದ 8 ಮೀಟರ್ ದೂರ, ಸರ್ವ್ ಮಾಡುವವನು ಮಧ್ಯದಲ್ಲಿ, 4 ಮೀಟರ್‌ನಲ್ಲಿ. ನನ್ನ ನೋಟ 1.55ರಿಂದ 1.15ಕ್ಕೆ ಇಳಿಯುತ್ತಾ ಹೋದರೆ ಅವನ ಹತ್ತಿರ ಅದು 1.35ರಲ್ಲಿರುತ್ತದೆ. ಅಂದರೆ ಪೂರಾ 20 ಸೆಂಟಿಮೀಟರ್ ಬಿಟ್ಟುಕೊಟ್ಟಂತೆ. ಕಣ್ಣೂ 1.15ರಲ್ಲೇ ಇದ್ದರೆ ಮಾತ್ರ ಟೇಪ್ ನಿಜ ಹೇಳುತ್ತದೆ. ಸಾದಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತರೆ ನನ್ನ ಕಣ್ಣು 1.19ಕ್ಕೆ ಬರುತ್ತದೆ. ಕಾಲು ಮುಂದೆ ಚಾಚಿ ಸ್ವಲ್ಪ ಜಾರಿ ಕೂತರೆ ಸರಿಯಾಗಿ 1.15. ಈಗ ಪ್ರತಿ ಮ್ಯಾಚ್‌ಗೂ ಹಾಗೆಯೇ ಕೂರುತ್ತೇನೆ, ನೆಟ್ ಕಂಬದ ಪಕ್ಕದಲ್ಲಿ. ಬೇರೆಯವರು ಕೂತರೆ ಅವರ ಕಣ್ಣಿನ ಎತ್ತರ ಅಳೆದೇ ಕೂರಿಸುತ್ತೇನೆ.

ಹೀಗೆ ಕೂತ ಮೊದಲ ಸೆಮಿಫೈನಲ್‌ನಲ್ಲೇ ಆ ಉದ್ದನೆಯ ಹುಡುಗನ ಬ್ಯಾಕ್‌ಹ್ಯಾಂಡ್ ಸರ್ವ್‌ಗೆ ಫಾಲ್ಟ್ ಕೊಟ್ಟೆ. ಪಾಯಿಂಟೂ ಸರ್ವೂ ಎದುರಾಳಿಗೆ ಹೋಯಿತು. ಅವನು ಬೇಜಾರಾಗಿ ಬಂದ.

“ಅಣ್ಣಾ, ರ‍್ಯಾಕೆಟ್ ಕೆಳಗೇ ಐತಲ್ಲ! ಹೊಟ್ಟೆ ಹತ್ರಾನೇ ಹೊಡ್ದೀನಿ.”

ಅವನು ಸುಳ್ಳು ಹೇಳಲಿಲ್ಲ. ಮ್ಯಾಚ್ ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಥರ ಶಟಲ್ ಹಿಡಿಯಲು ಹೇಳಿ ಅಳೆದೆ. ಕಾರ್ಕ್‌ನ ತಳ 1.09ರಲ್ಲಿತ್ತು. ಆದರೆ ಅವನು ಗರಿಯ ತುದಿ ಹಿಡಿದು ಶಟಲ್ಲನ್ನು ಹೆಚ್ಚು ಕಡಿಮೆ ನೆಟ್ಟಗೆ ತೂಗಾಡಿಸಿದ್ದ. ಶಟಲ್ ಒಟ್ಟು ಎಂಟು ಸೆಂಟಿಮೀಟರ್‌ಗಿಂತ ಸ್ವಲ್ಪ ಉದ್ದ. ಹಾಗಾಗಿ ಗರಿಯ ತುದಿ 1.17ಕ್ಕೆ ಹೋಗಿತ್ತು. ನಿಯಮ ಕೇಳುವುದು ಹೊಡೆತ ಬಿದ್ದ ಕ್ಷಣದಲ್ಲಿ ಇಡೀ ಶಟಲ್ 1.15ಕ್ಕಿಂತ ಕೆಳಗಿರಬೇಕು ಅಂತ. ನಮ್ಮಲ್ಲಿ ಎಲ್ಲರೂ ನೋಡುವುದು ಕಾರ್ಕ್ ಮತ್ತು ರ‍್ಯಾಕೆಟ್ ತಾಗುವ ಜಾಗವನ್ನು. ನಾನೂ ಬಹಳ ವರ್ಷ ಅದನ್ನೇ ನೋಡುತ್ತಿದ್ದೆ.

“ಹಂಗಾದ್ರೆ ಬಗ್ಗಿ ಹೊಡೀಬೇಕಾ?” ಅಂದ.

ಬೇಕಿಲ್ಲ. ಕಾರ್ಕ್ ಅಲ್ಲೇ ಇರಲಿ, ಶಟಲ್ಲನ್ನು ಅಡ್ಡ ಮಲಗಿಸಿ ಕಾರ್ಕ್ ರ‍್ಯಾಕೆಟ್ ಕಡೆ ತಿರುಗಿಸು ಅಂದೆ. ಆಗ ಮೇಲೆ ಉಳಿಯುವುದು ಗರಿಗಳ ವೃತ್ತದ ಅರ್ಧ ಅಗಲ, ಮೂರು ಸೆಂಟಿಮೀಟರ್ ಚಿಲ್ಲರೆ. ಅಳೆದರೆ 1.12 ಬಂತು. ಮೊದಲು ಕಾರ್ಕ್‌ಗೇ ಹೊಡೆಯಬೇಕು ಅನ್ನುವ ಇನ್ನೊಂದು ನಿಯಮಕ್ಕೂ ಹೀಗೆ ಹಿಡಿಯುವುದೇ ಒಳ್ಳೆಯದು.

ಕಾಲಿನ ಫಾಲ್ಟ್ ಬಗ್ಗೆಯೂ ಒಂದು ಮಾತು. ಸಿಂಗಲ್ಸ್‌ನಲ್ಲಿ ಎತ್ತರದ ಸರ್ವ್ ಹೊಡೆಯುವಾಗ ಹಿಂದಿನ ಹಿಮ್ಮಡಿ ಎದ್ದರೆ ಸಾಕು, ನಮ್ಮವರು ಫಾಲ್ಟ್ ಅಂತ ಕೂಗುತ್ತಾರೆ. ಒಮ್ಮೆ ನಾನೂ ಕೊಟ್ಟಿದ್ದೆ, ಅದು ತಪ್ಪು. ಎರಡೂ ಪಾದಗಳ ಯಾವುದಾದರೂ ಭಾಗ ಒಂದೇ ಜಾಗದಲ್ಲಿ ನೆಲಕ್ಕೆ ತಾಗಿದ್ದರೆ ಸಾಕು. ಹಿಮ್ಮಡಿ ಎದ್ದು ಬೆರಳ ತುದಿ ಅಲ್ಲೇ ಊರಿದ್ದರೆ ಸರಿ. ಆ ತುದಿ ಮುಂದಕ್ಕೆ ಎಳೆದುಕೊಂಡು ಬಂದರೆ ಫಾಲ್ಟ್. ರ‍್ಯಾಕೆಟ್ ಮೊದಲು ಮುಂದಕ್ಕೆ ಚಲಿಸಿದಾಗಿನಿಂದ ಶಟಲ್‌ಗೆ ಏಟು ಬೀಳುವವರೆಗೆ ಮಾತ್ರ ಇದನ್ನು ನೋಡಬೇಕು.

ಆ ಹುಡುಗ ಈಗ ಪ್ರತಿದಿನ ಆಟಕ್ಕೆ ಮುಂಚೆ ಕೆಂಪು ಟೇಪ್ ಪಕ್ಕದಲ್ಲಿ ನಿಂತು ಹತ್ತು ಸರ್ವ್ ಹಾಕುತ್ತಾನೆ. ಗೆಳೆಯನೊಬ್ಬ ಕುರ್ಚಿಯಲ್ಲಿ ಜಾರಿ ಕೂತು ಗರಿಯ ತುದಿ ನೋಡುತ್ತಿರುತ್ತಾನೆ.