ತೂಕ ಇಳಿದರೆ ಟೆಸ್ಟೋಸ್ಟಿರಾನ್ ಎಷ್ಟು ಏರುತ್ತದೆ? ವರದಿ ಓದುವ ಕ್ರಮ

ಬೊಜ್ಜಿರುವ ಗಂಡಸರು ಮಧ್ಯಾಹ್ನ ಊಟ ಮುಗಿಸಿ ಲ್ಯಾಬಿಗೆ ಹೋಗಿ ರಕ್ತ ಕೊಡುತ್ತಾರೆ. ವರದಿಯಲ್ಲಿ ಟೆಸ್ಟೋಸ್ಟಿರಾನ್ ಕಡಿಮೆ ಎಂದು ಬಂದರೆ ಮರುದಿನವೇ ಇಂಜೆಕ್ಷನ್ ಬರೆಸಿಕೊಳ್ಳಲು ಬರುತ್ತಾರೆ. ಈ ಆತುರ ನನಗೆ ತುಂಬಾ ಚಿಂತೆಯ ವಿಷಯ. ಆ ಸಂಖ್ಯೆಯನ್ನು ಸರಿಯಾಗಿ ಓದಿದರೆ ಎಷ್ಟೋ ಮಂದಿಗೆ ಇಂಜೆಕ್ಷನ್ ಬೇಕಾಗುವುದೇ ಇಲ್ಲ.

ಮೊದಲು ಪರೀಕ್ಷೆ ಸರಿಯಾಗಿರಲಿ

ಟೆಸ್ಟೋಸ್ಟಿರಾನ್ ಬೆಳಿಗ್ಗೆ ಹೆಚ್ಚಿರುತ್ತದೆ, ಹೊತ್ತೇರಿದಂತೆ ಇಳಿಯುತ್ತದೆ, ಊಟವಾದ ಮೇಲೆ ಇನ್ನಷ್ಟು ಇಳಿಯುತ್ತದೆ. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ ಹತ್ತು ಗಂಟೆಯೊಳಗೆ ರಕ್ತ ಕೊಡಿ. ಜ್ವರ ಅಥವಾ ನಿದ್ದೆಗೆಟ್ಟ ದಿನವಾದರೆ ಮುಂದೂಡಿ. ಒಂದು ವರದಿಯನ್ನು ನಂಬಬೇಡಿ. ಬೇರೆ ದಿನ ಮತ್ತೊಮ್ಮೆ ಮಾಡಿಸಿ. ಎರಡೂ ಸಲ 300ಕ್ಕಿಂತ (ನ್ಯಾನೊಗ್ರಾಂ, ಪ್ರತಿ ಡೆಸಿಲೀಟರಿಗೆ) ಕಡಿಮೆ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಆ ಹೆಜ್ಜೆಯಲ್ಲಿ ಮೂರು ಪರೀಕ್ಷೆಗಳಿವೆ: ಟೆಸ್ಟೋಸ್ಟಿರಾನನ್ನು ಹೊತ್ತೊಯ್ಯುವ ಪ್ರೋಟೀನು ಎಸ್‌ಎಚ್‌ಬಿಜಿ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವೃಷಣಗಳಿಗೆ ಆಜ್ಞೆ ಒಯ್ಯುವ ಹಾರ್ಮೋನ್ ಎಲ್‌ಎಚ್ ಮತ್ತು ಅದೇ ಗ್ರಂಥಿಯ ಇನ್ನೊಂದು ಹಾರ್ಮೋನ್ ಪ್ರೊಲ್ಯಾಕ್ಟಿನ್. ಬೊಜ್ಜಿರುವವರಿಗೆ ಮೊದಲನೆಯದೇ ಮುಖ್ಯ. ರಕ್ತದಲ್ಲಿರುವ ಟೆಸ್ಟೋಸ್ಟಿರಾನಿನ ದೊಡ್ಡ ಪಾಲು ಈ ಪ್ರೋಟೀನನ್ನು ಹಿಡಿದುಕೊಂಡೇ ಓಡಾಡುತ್ತದೆ. ಕೂಲಿಯಾಳುಗಳನ್ನು ಹೊತ್ತ ಬಸ್ಸನ್ನು ನೆನೆದುಕೊಳ್ಳಿ: ಗದ್ದೆಯಲ್ಲಿ ಕೆಲಸ ಮಾಡುವುದು ಬಸ್ಸಿನಿಂದ ಇಳಿದವರು ಮಾತ್ರ. ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧ ಇದ್ದವರಲ್ಲಿ ಯಕೃತ್ತು ಈ ಬಸ್ಸುಗಳನ್ನೇ ಕಡಿಮೆ ತಯಾರಿಸುತ್ತದೆ. ಒಟ್ಟು ಸಂಖ್ಯೆ ಕುಸಿದಂತೆ ಕಾಣುತ್ತದೆ, ಆದರೆ ಇಳಿದು ಕೆಲಸ ಮಾಡುವವರ ಸಂಖ್ಯೆ, ಅಂದರೆ ಮುಕ್ತ ಟೆಸ್ಟೋಸ್ಟಿರಾನ್, ಅಷ್ಟು ಕುಸಿದಿರುವುದಿಲ್ಲ.

ಬೊಜ್ಜು ತೀವ್ರವಾದಾಗ ಮುಕ್ತ ಅಂಶವೂ ಇಳಿಯುತ್ತದೆ. ಕೊಬ್ಬಿನ ಅಂಗಾಂಶದಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರಾನನ್ನು ಈಸ್ಟ್ರೊಜೆನ್ ಆಗಿ ಬದಲಿಸುತ್ತದೆ, ವೃಷಣಗಳಿಗೆ ಮೆದುಳಿನಿಂದ ಬರುವ ಆಜ್ಞೆಯೂ ಮಂಕಾಗುತ್ತದೆ. ಎಲ್‌ಎಚ್ ಕಡಿಮೆ ಅಥವಾ ಸಾಮಾನ್ಯ ಮಟ್ಟದಲ್ಲಿದ್ದರೆ ಇದೇ ಕಾರಣವಿರಬಹುದು. ಎಲ್‌ಎಚ್ ಹೆಚ್ಚಿದ್ದರೆ ದೋಷ ವೃಷಣದಲ್ಲೇ ಇದೆ. ಒಟ್ಟು ಸಂಖ್ಯೆ 150ಕ್ಕಿಂತ ಕೆಳಗೆ ಬಿದ್ದು ಎಲ್‌ಎಚ್ ಕೂಡ ಕಡಿಮೆ ಇದ್ದರೆ, ಅಥವಾ ಪ್ರೊಲ್ಯಾಕ್ಟಿನ್ ಹೆಚ್ಚಿದ್ದರೆ, ಪಿಟ್ಯುಟರಿ ಗ್ರಂಥಿಯನ್ನು ಪರೀಕ್ಷಿಸಲೇಬೇಕು. ಇವನ್ನೆಲ್ಲ ತೂಕದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಅಪಾಯ.

ಎಷ್ಟು ತೂಕ ಇಳಿಸಬೇಕು

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಲೆಕ್ಕಾಚಾರಕ್ಕೆ ಅನುಕೂಲವಾಗಿದೆ. ಆಹಾರ ಕ್ರಮದಿಂದ ದೇಹತೂಕದ ಸುಮಾರು ಶೇ 10ರಷ್ಟು ಇಳಿದಾಗ ಒಟ್ಟು ಟೆಸ್ಟೋಸ್ಟಿರಾನ್ ಸರಾಸರಿ 80 ನ್ಯಾನೊಗ್ರಾಂನಷ್ಟು ಏರಿತು. ತೂಕ ಇಳಿಸಲು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಶೇ 30ರಷ್ಟು ಇಳಿದಾಗ ಏರಿದ್ದು 250 ನ್ಯಾನೊಗ್ರಾಂನಷ್ಟು. ತೂಕ ಹೆಚ್ಚು ಇಳಿದಂತೆ ಏರಿಕೆಯೂ ಹೆಚ್ಚು. ಆದ್ದರಿಂದ 270 ಇರುವವರು ಮೊದಲು ಊಟ, ನಡಿಗೆಗಳಿಂದಲೇ ಪ್ರಯತ್ನಿಸಲಿ. 200ರ ಆಸುಪಾಸಿನಲ್ಲಿದ್ದು ತೂಕವೂ ಬಹಳ ಹೆಚ್ಚಿರುವವರಿಗೆ ಮೂರು–ನಾಲ್ಕು ಕಿಲೊ ಇಳಿದರೆ ಏನೂ ಕಾಣದು. ಟೆಸ್ಟೋಸ್ಟಿರಾನಿಗಾಗಿಯೇ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಮಧುಮೇಹ, ತೂಕ, ಗೊರಕೆಯಲ್ಲಿ ಉಸಿರು ಕಟ್ಟುವಿಕೆ ಇವುಗಳಿಗೆ ಮಾಡಿದಾಗ ಸಿಗುವ ಫಲಗಳಲ್ಲಿ ಇದೂ ಒಂದು.

ಒಂದು ಲೆಕ್ಕ ನೋಡೋಣ

ಒಬ್ಬರನ್ನು ಊಹಿಸಿಕೊಳ್ಳೋಣ. ವಯಸ್ಸು 42, ಎತ್ತರ 172 ಸೆಂಟಿಮೀಟರ್, ತೂಕ 118 ಕಿಲೊ, ಆರು ವರ್ಷದ ಮಧುಮೇಹ. ಒಟ್ಟು ಟೆಸ್ಟೋಸ್ಟಿರಾನ್ 240, ಎಸ್‌ಎಚ್‌ಬಿಜಿ ಲೀಟರಿಗೆ 16 ನ್ಯಾನೊಮೋಲ್. ರಕ್ತದ ಮತ್ತೊಂದು ಪ್ರೋಟೀನಾದ ಆಲ್ಬುಮಿನನ್ನೂ ಸೇರಿಸಿ ಸೂತ್ರದಲ್ಲಿ ಲೆಕ್ಕ ಹಾಕಿದರೆ ಮುಕ್ತ ಟೆಸ್ಟೋಸ್ಟಿರಾನ್ ಮಿಲಿಲೀಟರಿಗೆ 66 ಪಿಕೊಗ್ರಾಂ. ಸಾಮಾನ್ಯವಾಗಿ ಹಿಡಿಯುವ ಕೆಳಗಿನ ಗಡಿ 65ರ ಹತ್ತಿರ. ಒಟ್ಟು ಸಂಖ್ಯೆ ಹೆದರಿಸುತ್ತದೆ, ಮುಕ್ತ ಸಂಖ್ಯೆ ಗಡಿಯ ಮೇಲೆ ನಿಂತಿದೆ.

ಸ್ಲೀವ್ ಎಂಬ ಬಗೆಯ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷದ ನಂತರ ಇವರ ತೂಕ 82 ಕಿಲೊ, ಒಟ್ಟು ಟೆಸ್ಟೋಸ್ಟಿರಾನ್ 480, ಎಸ್‌ಎಚ್‌ಬಿಜಿ 38 ಎಂದಿಟ್ಟುಕೊಳ್ಳಿ. ವರದಿಯಲ್ಲಿ ಸಂಖ್ಯೆ ಎರಡು ಪಟ್ಟಾಗಿದೆ. ಮತ್ತೆ ಲೆಕ್ಕ ಹಾಕಿದರೆ ಮುಕ್ತ ಅಂಶ ಸುಮಾರು 92. ಅಂದರೆ ಏರಿಕೆ ಶೇ 40ರಷ್ಟು. ಏರಿಕೆಯ ದೊಡ್ಡ ಭಾಗ ಬಸ್ಸುಗಳು ಹೆಚ್ಚಿದ್ದರಿಂದ ಬಂದದ್ದು. ಶೇ 40 ಕಡಿಮೆಯೇನಲ್ಲ, ಆದರೆ ‘ಎರಡು ಪಟ್ಟು’ ಎಂದು ಹಿಗ್ಗಿ ಮಲಗುವ ಕೋಣೆಯಲ್ಲೂ ಎರಡು ಪಟ್ಟು ಬಯಸಿದರೆ ನಿರಾಸೆಯಾಗುತ್ತದೆ.

ನಿಮಿರುವಿಕೆ ಬೇರೆಯೇ ಲೆಕ್ಕ

ಟೆಸ್ಟೋಸ್ಟಿರಾನ್ ಮುಖ್ಯವಾಗಿ ಕಾಮಾಸಕ್ತಿಯನ್ನು ನಡೆಸುತ್ತದೆ. ನಿಮಿರುವಿಕೆ ರಕ್ತನಾಳಗಳ ಕೆಲಸ. ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳ ಸಡಿಲಗೊಂಡರೆ ಮಾತ್ರ ರಕ್ತ ತುಂಬುತ್ತದೆ. ಮಧುಮೇಹ, ರಕ್ತದೊತ್ತಡ, ಧೂಮಪಾನ ಈ ಪದರವನ್ನೇ ಕೆಡಿಸಿರುತ್ತವೆ. ತೂಕ ಇಳಿದರೆ ಪದರ ಸುಧಾರಿಸುತ್ತದೆ, ಆದರೆ ಹದಿನೈದು ವರ್ಷದ ಮಧುಮೇಹದಲ್ಲಿ ಹಾಳಾದ ನರಗಳು ಪೂರ್ತಿಯಾಗಿ ಹಿಂದಿರುಗುವುದು ಅಪರೂಪ.

2004ರಲ್ಲಿ ಪ್ರಕಟವಾದ ಇಟಲಿಯ ನೇಪಲ್ಸ್ ನಗರದ ಅಧ್ಯಯನವನ್ನು ನಾನು ಆಗಾಗ ನೆನೆಯುತ್ತೇನೆ. ನಿಮಿರು ದೌರ್ಬಲ್ಯವಿದ್ದ, ಮಧುಮೇಹವಿರದ 110 ಬೊಜ್ಜಿನ ಗಂಡಸರನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನ ಅದು. ಊಟ ಮತ್ತು ವ್ಯಾಯಾಮದ ನಿಕಟ ಮಾರ್ಗದರ್ಶನ ಪಡೆದ 55 ಮಂದಿಯಲ್ಲಿ 17 ಜನರಿಗೆ ನಿಮಿರುವಿಕೆ ಸಹಜ ಮಟ್ಟಕ್ಕೆ ಬಂತು. ಸಾಮಾನ್ಯ ಸಲಹೆ ಮಾತ್ರ ಪಡೆದ 55 ಮಂದಿಯಲ್ಲಿ 3 ಜನರಿಗೆ. ಮೂವರಲ್ಲಿ ಒಬ್ಬರಿಗೆ ಎಂದರೆ ದೊಡ್ಡ ಫಲ. ಉಳಿದ ಇಬ್ಬರಿಗೆ ಮುಂದಿನ ಚಿಕಿತ್ಸೆ ಬೇಕು ಎಂಬುದೂ ಅದೇ ಸಂಖ್ಯೆಯಲ್ಲಿದೆ.

ಪ್ರಗತಿ ಅಳೆಯಲು ಐದು ಪ್ರಶ್ನೆಗಳ ಪ್ರಮಾಣಿತ ಪಟ್ಟಿಯಿದೆ, ಗರಿಷ್ಠ ಅಂಕ 25, 22 ಮತ್ತು ಅದಕ್ಕಿಂತ ಹೆಚ್ಚು ಸಹಜ. ಶಸ್ತ್ರಚಿಕಿತ್ಸೆಗೆ ಮೊದಲೇ ಅದನ್ನು ತುಂಬಿಸಿಟ್ಟುಕೊಳ್ಳಿ. ಬೆಳಗಿನ ಜಾವ ತಾನಾಗಿಯೇ ನಿಮಿರುತ್ತದೆಯೇ ಎಂಬುದನ್ನೂ ಗಮನಿಸಿ. ಆಗ ನಿಮಿರಿ, ಸಂಗಾತಿಯ ಜೊತೆ ಮಾತ್ರ ಆಗದಿದ್ದರೆ ನಾಳಗಳಿಗಿಂತ ಆತಂಕ, ಸಂಕೋಚಗಳನ್ನು ನೋಡಬೇಕು.

ಶಸ್ತ್ರಚಿಕಿತ್ಸೆಯ ನಂತರ ಯಾವಾಗ ಏನು

ಮೊದಲ ಕೆಲವು ವಾರ ಕ್ಯಾಲೊರಿ ತೀರಾ ಕಡಿಮೆ ಇರುತ್ತದೆ, ಸುಸ್ತು ಹೆಚ್ಚು, ಆಸಕ್ತಿ ಮಂಕು. ಆಗ ಹಾರ್ಮೋನ್ ಪರೀಕ್ಷೆ ಮಾಡಿಸಿ ಭಯಬೀಳಬೇಡಿ. ಆರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಇನ್ನೊಮ್ಮೆ ಪರೀಕ್ಷಿಸಿ; ಎರಡೂ ಸಲ ಎಸ್‌ಎಚ್‌ಬಿಜಿ ಸೇರಿರಲಿ. ಪ್ರೋಟೀನು ದಿನಕ್ಕೆ 60ರಿಂದ 80 ಗ್ರಾಂ ಸಿಗಬೇಕು. ಬರೀ ಗಂಜಿ, ರಾಗಿ ಅಂಬಲಿಯಲ್ಲಿ ಉಳಿದುಬಿಟ್ಟರೆ ಸ್ನಾಯು ಕರಗುತ್ತದೆ. ಬಿ12, ಕಬ್ಬಿಣ, ಡಿ ವಿಟಮಿನ್ ಮಾತ್ರೆಗಳನ್ನು ನಿಲ್ಲಿಸಬೇಡಿ. ತೂಕ ಮರಳಿದರೆ ಟೆಸ್ಟೋಸ್ಟಿರಾನ್ ಮತ್ತೆ ಇಳಿಯುತ್ತದೆ.

ಮಕ್ಕಳು ಬೇಕೆನ್ನುವವರಿಗೆ ಒಂದು ಎಚ್ಚರಿಕೆಯಿದೆ. ಹೊರಗಿನಿಂದ ಕೊಟ್ಟ ಟೆಸ್ಟೋಸ್ಟಿರಾನ್ ಮೆದುಳಿನ ಆಜ್ಞೆಯನ್ನು ಅಡಗಿಸಿ ವೀರ್ಯಾಣುಗಳನ್ನು ಶೂನ್ಯಕ್ಕೂ ಇಳಿಸಬಲ್ಲದು, ರಕ್ತವನ್ನೂ ದಪ್ಪಗೊಳಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಹಾರ್ಮೋನ್ ಏರಿದರೂ ವೀರ್ಯಾಣು ಸುಧಾರಿಸಲೇಬೇಕೆಂದಿಲ್ಲ. ಮೊದಲ ವರ್ಷ ಕೆಲವರಲ್ಲಿ ಇಳಿದದ್ದೂ ವರದಿಯಾಗಿದೆ. ಆದ್ದರಿಂದ ಮೊದಲೇ ವೀರ್ಯ ಪರೀಕ್ಷೆ ಮಾಡಿಸಿ, ಬೇಕಾದರೆ ಶೈತ್ಯದಲ್ಲಿ ಕಾಯ್ದಿರಿಸಿ.

ನಮ್ಮ 42ರ ವ್ಯಕ್ತಿಯ ನಿಮಿರುವಿಕೆಯ ಅಂಕ ವರ್ಷದ ಕೊನೆಗೆ 11ರಿಂದ 18ಕ್ಕೆ ಬಂದು ನಿಂತಿದೆ ಎಂದುಕೊಳ್ಳೋಣ. ಹಾರ್ಮೋನ್ ಸರಿಯಿದೆ, ಹಾಗಾಗಿ ಇಂಜೆಕ್ಷನ್ ಬೇಡ. ಅವರಿಗೆ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಮಾತ್ರೆ ಸಾಕಾಗಬಹುದು, ಆದರೆ ಎದೆನೋವಿಗೆ ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆ ಬಳಸುವವರಿಗೆ ಇವೆರಡೂ ಸಲ್ಲವು; ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಮಾತ್ರೆ ಬರೆಯುವ ಮೊದಲು ಹೃದಯವನ್ನು ಪರೀಕ್ಷಿಸುವುದೂ ಅಗತ್ಯ. ಶಿಶ್ನದ ನಾಳಗಳು ಹೃದಯದ ನಾಳಗಳಿಗಿಂತ ಕಿರಿದು, ಹಾಗಾಗಿ ಹೃದಯದ ತೊಂದರೆಗೆ ಎರಡು–ಮೂರು ವರ್ಷ ಮೊದಲೇ ಅವು ಕಟ್ಟಿಕೊಳ್ಳುವುದುಂಟು.